23 ನಿಮಿಷದ ಲೆಕ್ಕ

ತಿಂಗಳ 14ನೇ ತಾರೀಖಿನಿಂದ 20ರವರೆಗೆ ಯಾವ ಆಡಿಟರ್ ಆಫೀಸಿಗೆ ಹೋದರೂ ಕೂತು ಮಾತಾಡುವ ಪುರುಸೊತ್ತು ಯಾರಿಗೂ ಇರುವುದಿಲ್ಲ. ಮಾಲು ಮಾರಿದವರು 11ರೊಳಗೆ ತಮ್ಮ ಮಾರಾಟದ ವಿವರವನ್ನು ಜಿಎಸ್‌ಟಿ ಪೋರ್ಟಲ್‌ಗೆ ಏರಿಸಬೇಕು. ಅದರ ಆಧಾರದ ಮೇಲೆ ಪೋರ್ಟಲ್ 14ರಂದು ಪ್ರತಿ ವ್ಯಾಪಾರಿಗೂ 2ಬಿ ಎಂಬ ಪಟ್ಟಿಯನ್ನು ತಯಾರಿಸಿ ಕೊಡುತ್ತದೆ. ನಿಮಗೆ ಮಾಲು ಕೊಟ್ಟವರು ಯಾವ ಬಿಲ್ಲಿಗೆ ಎಷ್ಟು ತೆರಿಗೆ ತೋರಿಸಿದ್ದಾರೆ ಎನ್ನುವುದು ಅದರಲ್ಲಿರುತ್ತದೆ. 2022ರ ಜನವರಿ 1ರಿಂದ ಈ ಪಟ್ಟಿಗೆ ಬಾರದ ಬಿಲ್ಲಿನ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಎಂದು ಮುರಿದುಕೊಳ್ಳುವಂತಿಲ್ಲ. ಹಾಗಾಗಿ ವ್ಯಾಪಾರಿಯ ಖರೀದಿ ಪುಸ್ತಕವನ್ನೂ ಪೋರ್ಟಲ್‌ನ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ಬಿಲ್ಲಿಗೆ ಬಿಲ್ಲು ತಾಳೆ ನೋಡಬೇಕು. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರು 20ರೊಳಗೆ 3ಬಿ ಹಾಕಿ ಮುಗಿಸಬೇಕು.

ಈ ತಾಳೆ ಹಾಕುವ ಕೆಲಸಕ್ಕೆಂದೇ ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್‌ಗಳು ಹಲವು ಇವೆ. ಆಫೀಸಿನ ಹಿರಿಯ ಸಹಾಯಕರು ಒಂದನ್ನು ಕೊಳ್ಳೋಣ ಎನ್ನುತ್ತಾರೆ. ಆಡಿಟರು “ಯಾಕೆ ಬೇಕು ಅಂತ ಬರೆದುಕೊಡಿ” ಎನ್ನುತ್ತಾರೆ. ಆಗ ಹೆಚ್ಚಿನವರು ಬರೆದುಕೊಡುವುದು ಇಷ್ಟು: ಸಮಯ ಉಳಿಯುತ್ತದೆ, ತಪ್ಪು ಕಡಿಮೆಯಾಗುತ್ತದೆ, ಕೆಲಸ ಚುರುಕಾಗುತ್ತದೆ. ಮೂರೂ ನಿಜವಿರಬಹುದು. ಆದರೆ ಆ ಕಾಗದದಲ್ಲಿ ಸಾಫ್ಟ್‌ವೇರ್‌ನ ಹೆಸರು ತೆಗೆದು ಹೊಸ ಪ್ರಿಂಟರಿನ ಹೆಸರು ಹಾಕಿದರೂ ಒಂದಕ್ಷರ ಬದಲಿಸಬೇಕಾಗಿಲ್ಲ. ದುಡ್ಡು ಕೊಡುವವರು ಅದನ್ನೋದಿ ಹೌದು ಎನ್ನಲು ಕಾರಣ ಸಿಗುವುದಿಲ್ಲ, ಬೇಡ ಎನ್ನಲೂ ಸಿಗುವುದಿಲ್ಲ. ಹಾಗಾಗಿ ಅದು ಮೇಜಿನ ಖಾನೆಯಲ್ಲೇ ಉಳಿಯುತ್ತದೆ.

ಸರಿಯಾದ ಟಿಪ್ಪಣಿ ಹೇಗಿರಬೇಕು ಎಂದು ನೋಡಲು ಜಿಲ್ಲಾ ಕೇಂದ್ರವೊಂದರ ಇಂಥ ಆಫೀಸನ್ನು ಲೆಕ್ಕಕ್ಕಾಗಿ ಕಲ್ಪಿಸಿಕೊಳ್ಳೋಣ. ತಿಂಗಳಿಗೊಮ್ಮೆ ರಿಟರ್ನ್ ಹಾಕುವ 60 ಪಾರ್ಟಿಗಳಿದ್ದಾರೆ. ತಾಳೆಯ ಕೆಲಸ ಇಬ್ಬರು ಸಹಾಯಕರದು. ಕೊಳ್ಳಬೇಕೆಂದಿರುವ ಸಾಫ್ಟ್‌ವೇರ್‌ನ ಚಂದಾ ವರ್ಷಕ್ಕೆ 36,000 ರೂಪಾಯಿ. ಅದರ ಮೇಲೆ ಶೇ 18ರಷ್ಟು ಜಿಎಸ್‌ಟಿ ಬೇರೆ. ಆಫೀಸು ನೋಂದಣಿಯಾಗಿದ್ದರೆ ಆ ತೆರಿಗೆ ಕ್ರೆಡಿಟ್ ಆಗಿ ವಾಪಸ್ ಬರುತ್ತದೆ, ಆದ್ದರಿಂದ ಅದನ್ನು ಖರ್ಚಿಗೆ ಸೇರಿಸಬಾರದು. ನೋಂದಣಿ ಇಲ್ಲದಿದ್ದರೆ ಸೇರಿಸಲೇಬೇಕು. ನಮ್ಮ ಆಫೀಸು ನೋಂದಣಿಯಾಗಿದೆ ಎಂದಿಟ್ಟುಕೊಳ್ಳೋಣ.

ಮೊದಲ ಕೆಲಸ, ಈಗ ಎಷ್ಟು ಹೊತ್ತು ಹಿಡಿಯುತ್ತಿದೆ ಎಂದು ಅಳೆಯುವುದು. “ಒಂದು ಪಾರ್ಟಿಗೆ ಎಷ್ಟೊತ್ತು ಬೇಕಪ್ಪ?” ಎಂದು ಕೇಳಿದರೆ “ಎರಡು ತಾಸು ಆಗತ್ತೆ ಸರ್” ಎಂಬ ಉತ್ತರ ಬರುತ್ತದೆ. ಕೇಳಿದಾಗ ನೆನಪಿಗೆ ಬರುವುದು ಕಳೆದ ತಿಂಗಳು ತಲೆ ತಿಂದ ಆ ಒಂದು ಹಾರ್ಡ್‌ವೇರ್ ಅಂಗಡಿಯೇ ಹೊರತು ಸದ್ದಿಲ್ಲದೆ ಮುಗಿದ ಇಪ್ಪತ್ತು ಪಾರ್ಟಿಗಳಲ್ಲ. ಆದ್ದರಿಂದ ಒಂದು ತಿಂಗಳು ಇಬ್ಬರೂ ಒಂದು ಹಾಳೆಯಲ್ಲಿ ಪಾರ್ಟಿಯ ಹೆಸರು, ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು ಬರೆಯಬೇಕು. ಬರೀ ಒಟ್ಟು ಹೊತ್ತು ಸಾಲದು, ಕೆಲಸವನ್ನು ತುಂಡು ಮಾಡಿ ಬರೆಯಬೇಕು. ಈ ತುಂಡುಗಳಲ್ಲೇ ಮುಂದಿನ ಲೆಕ್ಕವೆಲ್ಲ ಅಡಗಿದೆ.

ನಮ್ಮ ಆಫೀಸಿನ ಹಾಳೆ ಹೀಗೆ ಬಂತು ಎನ್ನೋಣ. ಪೋರ್ಟಲ್‌ಗೆ ಲಾಗಿನ್ ಆಗಿ 2ಬಿ ಇಳಿಸಿಕೊಳ್ಳಲು 10 ನಿಮಿಷ. ಪಾರ್ಟಿ ಕಳಿಸಿದ ಖರೀದಿ ಪುಸ್ತಕವನ್ನು ಶುಚಿ ಮಾಡಲು 15. ಎಕ್ಸೆಲ್‌ನಲ್ಲಿ VLOOKUP ಹಾಕಿ, ಅದು ಸಿಕ್ಕಿಸದ ಬಿಲ್ಲುಗಳನ್ನು ಕಣ್ಣಲ್ಲೇ ಹುಡುಕಿ ತಾಳೆ ಹಾಕಲು 25. ಪಟ್ಟಿಯಲ್ಲಿ ಕಾಣದ ಬಿಲ್ಲಿನ ಬಗ್ಗೆ ಪಾರ್ಟಿಗೂ ಮಾಲು ಕೊಟ್ಟವರಿಗೂ ಫೋನು, ವಾಟ್ಸಾಪು ಮಾಡಲು 20. ಕೊನೆಯಲ್ಲಿ ಒಮ್ಮೆ ಕಣ್ಣಾಡಿಸಲು 5. ಸರಾಸರಿ ಒಂದು ಪಾರ್ಟಿಗೆ 75 ನಿಮಿಷ, 60 ಪಾರ್ಟಿಗೆ 75 ಗಂಟೆ. ಮಧ್ಯೆ ಬರುವ ಭಾನುವಾರ ಕಳೆದರೆ ಇಬ್ಬರಿಗೂ ಸೇರಿ ಸಿಗುವುದು 70 ಗಂಟೆ. ಭಾನುವಾರವೂ ಬಾಗಿಲು ತೆರೆದಿರುವುದು ಏಕೆಂದು ಇಲ್ಲಿಗೇ ತಿಳಿಯುತ್ತದೆ.

ಇನ್ನು ಸಾಫ್ಟ್‌ವೇರ್ ಮಾರುವವರ ಮಾತಿಗೆ ಬರೋಣ. “ನಿಮ್ಮ ಸಮಯ ಶೇ 80 ಉಳಿಯುತ್ತದೆ” ಎನ್ನುವುದು ಅವರ ಕರಪತ್ರದ ಸಾಲು. ಅದು ಸುಳ್ಳೆಂದು ತಳ್ಳಿಹಾಕಬೇಕಾಗಿಲ್ಲ. ತಾಳೆ ಹಾಕುವ 25 ನಿಮಿಷದ ಕೆಲಸ 5 ನಿಮಿಷಕ್ಕೆ ಇಳಿದರೆ ಆ ತುಂಡಿನಲ್ಲಿ ಶೇ 80 ಉಳಿದದ್ದು ನಿಜವೇ. ಉಳಿದ ತುಂಡುಗಳನ್ನೂ ನೋಡಿ. ಇಳಿಸಿಕೊಳ್ಳುವ ಕೆಲಸ 10ರಿಂದ 5ಕ್ಕೆ ಬರಬಹುದು. ಅದಕ್ಕಿಂತ ಕೆಳಗೆ ಹೋಗುವುದು ಕಷ್ಟ, ಯಾಕೆಂದರೆ ಹೊರಗಿನ ಸಾಫ್ಟ್‌ವೇರ್ ಪೋರ್ಟಲ್‌ನಿಂದ ಮಾಹಿತಿ ತರಲು ಪಾರ್ಟಿಯ ಓಟಿಪಿ ಬೇಕು, ಆ ಅನುಮತಿಗೆ ಅವಧಿಯೂ ಇದೆ. ಅವಧಿ ಮುಗಿದಾಗ ಮತ್ತೆ ಫೋನು ಮಾಡಿ “ಸಾಹುಕಾರ್ರೇ, ಒಂದು ನಂಬರ್ ಬಂದಿರತ್ತೆ, ಹೇಳಿ” ಎನ್ನುವುದು ತಪ್ಪದು. ಖರೀದಿ ಪುಸ್ತಕದ ಶುಚಿ 15ರಿಂದ 5ಕ್ಕೆ ಇಳಿಯುತ್ತದೆ. ಫೋನಿನ 20 ನಿಮಿಷ ಹಾಗೇ ಇರುತ್ತದೆ, ಬಿಲ್ಲು ಏರಿಸದವನಿಂದ ಏರಿಸಿಸುವುದು ಯಾವ ಸಾಫ್ಟ್‌ವೇರ್‌ನ ಕೈಯಲ್ಲೂ ಇಲ್ಲ. ಕೊನೆಯ ಪರಿಶೀಲನೆ 5ರಿಂದ 10ಕ್ಕೆ ಏರುತ್ತದೆ, ಯಂತ್ರ ಹಾಕಿದ ತಾಳೆಯನ್ನು ಮನುಷ್ಯ ನೋಡಲೇಬೇಕು. ಎಲ್ಲ ಕೂಡಿದರೆ 45 ನಿಮಿಷ. ಅಂದರೆ ಪಾರ್ಟಿಗೆ 30 ನಿಮಿಷ ಉಳಿತಾಯ, ಒಟ್ಟು ಕೆಲಸದಲ್ಲಿ ಶೇ 40. ಟಿಪ್ಪಣಿಯಲ್ಲಿ ಬರೆಯಬೇಕಾದದ್ದು ಈ 40.

ಗಂಟೆಗೆ ರೂಪಾಯಿ ಕಟ್ಟುವುದು ಮುಂದಿನ ಹೆಜ್ಜೆ. ಸಹಾಯಕರ ಸಂಬಳ 20,000 ಎನ್ನೋಣ. ದೀಪಾವಳಿಯ ಬೋನಸ್ಸು ಸೇರಿಸಿದರೆ ಹದಿಮೂರು ತಿಂಗಳ ಸಂಬಳ, ವರ್ಷಕ್ಕೆ 2,60,000. ಭಾನುವಾರ, ಹಬ್ಬ, ರಜೆ ಕಳೆದು 280 ದಿನ, ದಿನಕ್ಕೆ ನಿಜವಾಗಿ ಕೆಲಸ ನಡೆಯುವುದು 7 ಗಂಟೆ, ವರ್ಷಕ್ಕೆ 1,960 ಗಂಟೆ. ಭಾಗಿಸಿದರೆ ಗಂಟೆಗೆ ಸುಮಾರು 133 ರೂಪಾಯಿ. ಕೆಲವರು ಇದಕ್ಕೆ ಬಾಡಿಗೆ, ಕರೆಂಟು, ಕಾಫಿಯನ್ನೆಲ್ಲ ಸೇರಿಸಿ ಗಂಟೆಯ ಬೆಲೆಯನ್ನು 200ಕ್ಕೆ ಒಯ್ಯುತ್ತಾರೆ. ತಾಳೆ ಬೇಗ ಮುಗಿಯಿತೆಂದು ಕಟ್ಟಡದ ಮಾಲೀಕರು ಬಾಡಿಗೆ ಇಳಿಸುವುದಿಲ್ಲವಲ್ಲ. ಇನ್ನು ಕೆಲವರು ಆಡಿಟರು ಪಾರ್ಟಿಗೆ ಹಾಕುವ ಫೀಸಿನ ದರವನ್ನೇ ತಂದು ಸಹಾಯಕರ ಗಂಟೆಗೆ ಅಂಟಿಸುತ್ತಾರೆ. ಲೆಕ್ಕ ಬಲ್ಲವರ ಮುಂದೆ ಇಂಥ ಅಂಕಿ ಇಟ್ಟರೆ ಒಂದು ಅಂಕಿಯ ಜತೆಗೆ ಇಡೀ ಟಿಪ್ಪಣಿಯ ಮೇಲಿನ ನಂಬಿಕೆಯೇ ಹೋಗುತ್ತದೆ.

ಈಗ ಮೊದಲ ಉತ್ತರ ಸಿಗುತ್ತದೆ. ತಿಂಗಳಿಗೆ 30 ಗಂಟೆ ಉಳಿದರೆ ವರ್ಷಕ್ಕೆ 360 ಗಂಟೆ, ಸುಮಾರು 47,900 ರೂಪಾಯಿ. ಚಂದಾ ಕಳೆದರೆ ಹನ್ನೆರಡು ಸಾವಿರದಷ್ಟು ಲಾಭ. ಆದರೆ ಇದು ಎರಡನೇ ವರ್ಷದ ಚಿತ್ರ. ಮೊದಲ ವರ್ಷ ಕಲಿಯುವುದಕ್ಕೂ ಪ್ರತಿ ಪಾರ್ಟಿಯ ಪುಸ್ತಕದ ನಮೂನೆಯನ್ನು ಕೂರಿಸುವುದಕ್ಕೂ 38 ಗಂಟೆ ಬೇಕೆಂದರೆ ಅದೇ ಐದು ಸಾವಿರವಾಯಿತು. ಮೊದಲೆರಡು ತಿಂಗಳು ಕೈ ಕೂರುವವರೆಗೆ ಉಳಿತಾಯವೂ ಇಲ್ಲ. ಹೀಗೆ ಖರ್ಚು 41,000, ಗಳಿಕೆ 39,900. ಮೊದಲ ವರ್ಷ ಸಾವಿರ ರೂಪಾಯಿ ಕೈಯಿಂದಲೇ ಹೋಗುತ್ತದೆ. ಟಿಪ್ಪಣಿ ಬರೆಯುವವರು ಇದನ್ನು ಮುಚ್ಚಿಡಲು ಹೋಗಬಾರದು. ಆಡಿಟರು ಎರಡೇ ನಿಮಿಷದಲ್ಲಿ ಇದನ್ನು ಹುಡುಕಿ ತೆಗೆಯುತ್ತಾರೆ, ಅದು ಅವರ ವೃತ್ತಿ.

ಲಾಭದ ಅಂಕಿಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಲೆಕ್ಕವನ್ನು ತಿರುಗಿಸಿ ಹಾಕಿದಾಗ ಸಿಗುವ ಅಂಕಿ. 36,000 ರೂಪಾಯಿ ಹುಟ್ಟಲು ಎಷ್ಟು ಉಳಿಯಬೇಕು? ಗಂಟೆಗೆ 133ರಂತೆ ವರ್ಷಕ್ಕೆ 271 ಗಂಟೆ, ತಿಂಗಳಿಗೆ ಇಪ್ಪತ್ತೆರಡೂವರೆ. ಅರವತ್ತು ಪಾರ್ಟಿಗೆ ಹಂಚಿದರೆ ತಲಾ 23 ನಿಮಿಷ. ಅದಕ್ಕಿಂತ ಕಡಿಮೆ ಉಳಿದರೆ ನಷ್ಟ, ಹೆಚ್ಚು ಉಳಿದರೆ ಲಾಭ. ಈ ಅಂಕಿಯ ಗುಣವೇನೆಂದರೆ ಯಾರು ಬೇಕಾದರೂ ಗಡಿಯಾರ ಹಿಡಿದು ಅದನ್ನು ಪರೀಕ್ಷಿಸಬಹುದು. ವರ್ಷಕ್ಕೆ ಹನ್ನೆರಡು ಸಾವಿರ ಲಾಭ ಎಂದರೆ ನಂಬಬೇಕಾಗುತ್ತದೆ, 23 ನಿಮಿಷ ಎಂದರೆ ನೋಡಬಹುದು.

ಅಷ್ಟಕ್ಕೇ ಕಾಗದ ಮಡಚಿ ಸಹಿಗೆ ಕಳಿಸುವವರು ಬಹಳ. ಒಂದು ಪ್ರಶ್ನೆ ಮಾತ್ರ ಬಾಕಿ ಇದೆ: ಹೋಲಿಕೆ ಯಾವುದರ ಜತೆ? ಇದುವರೆಗೆ ಹೊಸ ಸಾಫ್ಟ್‌ವೇರನ್ನು ನಾವು ಹೋಲಿಸಿದ್ದು ಎಕ್ಸೆಲ್ ಹಾಳೆಯ ಜತೆ. ಆದರೆ ಆ ಆಫೀಸಿನಲ್ಲಿ ಆಗಲೇ ಟ್ಯಾಲಿ ಪ್ರೈಮ್ ಇದೆ. ಬೆಂಗಳೂರಿನ ಆ ಸಾಫ್ಟ್‌ವೇರ್‌ನ ಈಚಿನ ಆವೃತ್ತಿಗಳಲ್ಲಿ 2ಬಿ ತಾಳೆ ನೋಡುವ ಸೌಲಭ್ಯ ಸೇರಿಕೊಂಡಿದೆ. ದುಡ್ಡು ಕೊಟ್ಟು ಆಗಿದೆ, ಯಾರೂ ತೆರೆದು ನೋಡಿಲ್ಲ. ಇದು ಅಪರೂಪದ ಸಂಗತಿಯೇನಲ್ಲ. ಹೊಸದನ್ನು ಕೇಳುವ ಹುರುಪಿನಲ್ಲಿ ಮನೆಯಲ್ಲೇ ಇರುವುದನ್ನು ಮರೆಯುವುದು ಖರೀದಿ ಟಿಪ್ಪಣಿಗಳ ಸಾಮಾನ್ಯ ರೋಗ.

ಅರವತ್ತರಲ್ಲಿ 35 ಪಾರ್ಟಿಗಳ ಪುಸ್ತಕ ಟ್ಯಾಲಿಯಲ್ಲೇ ಇದೆ ಎಂದುಕೊಳ್ಳಿ. ಅವರಿಗೆ ಟ್ಯಾಲಿಯಲ್ಲೇ ತಾಳೆ ನೋಡಿದರೆ 20 ನಿಮಿಷ ಉಳಿಯುತ್ತದೆ. ಹೊಸ ಸಾಫ್ಟ್‌ವೇರ್ ಅದರ ಮೇಲೆ ಉಳಿಸಿಕೊಡುವುದು ಇನ್ನು ಹತ್ತು ನಿಮಿಷ ಮಾತ್ರ. ಬೇರೆ ಬೇರೆ ರೂಪದಲ್ಲಿ ಪುಸ್ತಕ ಕಳಿಸುವ ಉಳಿದ 25 ಪಾರ್ಟಿಗಳಲ್ಲಿ ಪೂರ್ತಿ 30 ನಿಮಿಷ. ಕೂಡಿದರೆ ತಿಂಗಳಿಗೆ ಹದಿನೆಂಟು ಗಂಟೆ ಚಿಲ್ಲರೆ. ಬೇಕಾಗಿದ್ದದ್ದು ಇಪ್ಪತ್ತೆರಡೂವರೆ. ಕೊಳ್ಳಬೇಕು ಎನ್ನುತ್ತಿದ್ದ ಲೆಕ್ಕ ಈಗ ಬೇಡ ಎನ್ನುತ್ತಿದೆ. ಸಾಫ್ಟ್‌ವೇರ್ ಬದಲಾಗಿಲ್ಲ, ಬೆಲೆ ಬದಲಾಗಿಲ್ಲ, ಪಕ್ಕದಲ್ಲಿ ಏನನ್ನು ನಿಲ್ಲಿಸಿದೆವು ಎನ್ನುವುದಷ್ಟೇ ಬದಲಾಯಿತು.

ಇಂಥ ಸಾಫ್ಟ್‌ವೇರ್‌ಗಳ ಬೆಲೆ ಎಷ್ಟು ಪಾರ್ಟಿ ಎನ್ನುವುದರ ಮೇಲೆ ನಿಂತಿರುವುದುಂಟು. 30 ಪಾರ್ಟಿವರೆಗಿನ ಚಿಕ್ಕ ಪ್ಲಾನ್ 18,000ಕ್ಕೆ ಸಿಗುವುದಾದರೆ ಕಥೆಯೇ ಬೇರೆ. ಟ್ಯಾಲಿಯ ಹೊರಗಿರುವ 25 ಪಾರ್ಟಿಗಳಿಗಷ್ಟೇ ಅದನ್ನು ಕೊಂಡರೆ ತಲಾ 27 ನಿಮಿಷ ಉಳಿದರೆ ಸಾಕು, ಉಳಿಯುವುದು 30. ಅಂತರ ಕಡಿಮೆ, ಆದರೆ ಇದೆ. ಟ್ಯಾಲಿಯಿಂದ ಪುಕ್ಕಟೆ ಸಿಗುವ ಸುಮಾರು ಹನ್ನೆರಡು ಗಂಟೆಯನ್ನೂ ಇದರ ಹನ್ನೆರಡೂವರೆಯನ್ನೂ ಸೇರಿಸಿದರೆ ಆಫೀಸಿಗೆ ತಿಂಗಳಿಗೆ 24 ಗಂಟೆ ಬಿಡುವಾಯಿತು. ಅರ್ಧ ಬೆಲೆಗೆ, ಮೊದಲು ಅಂದುಕೊಂಡ ಮೂವತ್ತರಲ್ಲಿ ಮುಕ್ಕಾಲಿಗಿಂತ ಹೆಚ್ಚು.

ಇಲ್ಲಿಗೆ ಆಡಿಟರು ಕನ್ನಡಕ ತೆಗೆದು ಕೇಳುತ್ತಾರೆ: “ಸರಿ, ಆ ಟೈಮಲ್ಲಿ ಏನು ಮಾಡ್ತೀರಿ?”

ಟಿಪ್ಪಣಿಯ ಕಷ್ಟದ ಜಾಗ ಇದು. ಇಪ್ಪತ್ತನಾಲ್ಕು ಗಂಟೆ ಉಳಿಯಿತೆಂದು ಸಂಬಳದ ಖರ್ಚು ಒಂದು ರೂಪಾಯಿ ಇಳಿಯುವುದಿಲ್ಲ. ಒಬ್ಬ ಸಹಾಯಕರ ತಿಂಗಳ ಕೆಲಸ ಸುಮಾರು 163 ಗಂಟೆ, ಉಳಿದದ್ದು ಅದರ ಏಳನೇ ಒಂದು ಪಾಲು. ಮನುಷ್ಯನ ಏಳನೇ ಒಂದು ಪಾಲನ್ನು ಕೆಲಸದಿಂದ ಬಿಡಿಸಲು ಬರುತ್ತದೆಯೇ? ಹಾಗಾಗಿ ಗಂಟೆಗೆ 133 ಎಂದು ನಾವು ಕಟ್ಟಿದ ಬೆಲೆ ಕಾಗದದ ಮೇಲಿನ ಬೆಲೆ. ಆ ಗಂಟೆ ಹೋಗಿ ಸೇರುವ ಕೆಲಸ ಯಾವುದು ಎಂದು ತೋರಿಸಿದಾಗಲೇ ಅದು ದುಡ್ಡಾಗುವುದು.

ನಮ್ಮ ಆಫೀಸಿನಲ್ಲಿ ಅದಕ್ಕೆ ಉತ್ತರವಿದೆ. ಉಳಿಯುವ ಗಂಟೆಗಳೆಲ್ಲ 14ರಿಂದ 20ರ ನಡುವಿನವು, ವರ್ಷದುದ್ದಕ್ಕೂ ಎಳೆದಾಟವಿರುವುದು ಅಲ್ಲೇ. ಆ ವಾರ ಕೈ ಖಾಲಿ ಇಲ್ಲದ್ದಕ್ಕೆ ಕಳೆದ ವರ್ಷ ನಾಲ್ಕು ಹೊಸ ಪಾರ್ಟಿಗಳನ್ನು ವಾಪಸ್ ಕಳಿಸಿದ್ದಾರೆ. ತಿಂಗಳಿಗೆ ಸಾವಿರ ರೂಪಾಯಿ ಫೀಸಿನಂತೆ ನಾಲ್ವರಿಂದ ವರ್ಷಕ್ಕೆ 48,000 ಬರುತ್ತದೆ. ಒಬ್ಬೊಬ್ಬರಿಗೆ ಆ ವಾರದಲ್ಲಿ ಎಲ್ಲ ಸೇರಿ ಎರಡು ಗಂಟೆ ಬೇಕೆಂದರೆ ಎಂಟು ಗಂಟೆ ಹೋಯಿತು. ಉಳಿದ ಹದಿನಾರು ಗಂಟೆ ಭಾನುವಾರದ ದುಡಿಮೆಯನ್ನೂ ರಾತ್ರಿ ಒಂಬತ್ತರವರೆಗೆ ಕೂರುವುದನ್ನೂ ತಪ್ಪಿಸುತ್ತದೆ. ಭಾನುವಾರಕ್ಕೆ ಬೇರೆ ದುಡ್ಡು ಕೊಡುತ್ತಿದ್ದರೆ ಅದನ್ನು ರೂಪಾಯಿಯಲ್ಲಿ ತೋರಿಸಿ. ಕೊಡುತ್ತಿಲ್ಲವಾದರೆ ರೂಪಾಯಿ ಕಟ್ಟಬೇಡಿ, ‘ಭಾನುವಾರದ ಕೆಲಸ ನಿಲ್ಲುತ್ತದೆ’ ಎಂದಷ್ಟೇ ಬರೆಯಿರಿ. ಒಳ್ಳೆಯ ಸಹಾಯಕರು ಸಿಗುವುದು ಎಷ್ಟು ಕಷ್ಟವೆಂದು ಆಡಿಟರಿಗೆ ಗೊತ್ತಿರುತ್ತದೆ, ಆ ಸಾಲಿನ ತೂಕ ಅವರೇ ಅಳೆದುಕೊಳ್ಳುತ್ತಾರೆ.

ಇಲ್ಲಿ ಕಾಲು ಜಾರುವವರು ಹಲವರು. ಗಂಟೆಯ ಬೆಲೆ 38,000, ಹೊಸ ಪಾರ್ಟಿಯ ಫೀಸು 48,000, ಒಟ್ಟು ಲಾಭ 86,000 ಎಂದು ಕೂಡಿಬಿಡುತ್ತಾರೆ. ಅದೇ ಗಂಟೆಯನ್ನು ಎರಡು ಸಲ ಮಾರಿದ ಹಾಗೆ. ಯಾವುದಾದರೂ ಒಂದನ್ನು ಎಣಿಸಬೇಕು. ಹೊಸ ಪಾರ್ಟಿಗಳು ನಿಜವಾಗಿ ಬಂದು ವಾಪಸ್ ಹೋದ ದಾಖಲೆ ಇದ್ದರೆ ಫೀಸನ್ನು ಎಣಿಸಿ, ಇಲ್ಲವಾದರೆ ಗಂಟೆಯನ್ನು. ಹಾಗೆಯೇ, ತಪ್ಪಿಹೋಗುತ್ತಿದ್ದ ಕ್ರೆಡಿಟ್ ಸಿಗುತ್ತದೆ ಎಂದು ಮಾರುವವರು ತೋರಿಸುವ ದೊಡ್ಡ ಅಂಕಿಯನ್ನು ಈ ಟಿಪ್ಪಣಿಗೆ ತರಬೇಡಿ. ಆ ದುಡ್ಡು ಸಿಕ್ಕರೂ ಸೇರುವುದು ಪಾರ್ಟಿಯ ಜೇಬಿಗೆ, ಆಫೀಸಿನ ಜೇಬಿಗಲ್ಲ.

ಇಷ್ಟೆಲ್ಲ ನಿಂತಿರುವುದು 30 ನಿಮಿಷ ಎಂಬ ಊಹೆಯ ಮೇಲೆ. ಅದನ್ನು ಪರೀಕ್ಷಿಸಲು ತಿಂಗಳ ಪುಕ್ಕಟೆ ಪ್ರಯೋಗ ಸಿಗುವುದುಂಟು, ಕೇಳಿ ಪಡೆಯಬೇಕು. ಮಾರುವವರು ಡೆಮೋದಲ್ಲಿ ತೋರಿಸುವ ಬಿಲ್ಲುಗಳು ಮದುವೆಗೆ ಹೊರಟವರಂತೆ ಅಚ್ಚುಕಟ್ಟಾಗಿರುತ್ತವೆ, ಅದನ್ನು ನೋಡಿ ತೀರ್ಮಾನಿಸುವಂತಿಲ್ಲ. ನಿಮ್ಮದೇ ಪಾರ್ಟಿಗಳಲ್ಲಿ ಎರಡು ಸಲೀಸು, ಎರಡು ಸಾಧಾರಣ, ಎರಡು ತಲೆನೋವಿನವು ಆರಿಸಿ. ಒಂದೇ ಪಾರ್ಟಿಯ ಒಂದೇ ತಿಂಗಳ ಬಿಲ್ಲುಗಳನ್ನು ಮೊದಲು ಕೈಯಲ್ಲಿ ಮಾಡಿ ಆಮೇಲೆ ಸಾಫ್ಟ್‌ವೇರ್‌ನಲ್ಲಿ ಮಾಡಬಾರದು. ಎರಡನೇ ಸಲಕ್ಕೆ ಬಿಲ್ಲುಗಳೆಲ್ಲ ಪರಿಚಯವಾಗಿರುವುದರಿಂದ ಸಾಫ್ಟ್‌ವೇರ್‌ಗೆ ಇಲ್ಲದ ಹೆಗ್ಗಳಿಕೆ ಬರುತ್ತದೆ. ಹಳೆಯ ಹಾಳೆಯಲ್ಲಿ ಕಳೆದ ತಿಂಗಳ ಹೊತ್ತು ಇದೆಯಲ್ಲ, ಅದರ ಜತೆ ಈ ತಿಂಗಳನ್ನು ಹೋಲಿಸಿದರೆ ಸಾಕು. ಕೆಲಸ ಮಾಡುವವರು ಮಾತ್ರ ಅವರೇ ಆಗಿರಬೇಕು.

ಹೊತ್ತಿನ ಜತೆಗೆ ತಪ್ಪನ್ನೂ ಗಮನಿಸಬೇಕು. ಪೋರ್ಟಲ್‌ನಲ್ಲಿ 24-25/0117 ಎಂದಿರುವ ಬಿಲ್ಲು ಖರೀದಿ ಪುಸ್ತಕದಲ್ಲಿ ಬರೀ 117 ಎಂದಿರುತ್ತದೆ. VLOOKUP ಇದನ್ನು ಬೇರೆ ಬೇರೆ ಬಿಲ್ಲೆಂದು ಕೈಬಿಡುತ್ತದೆ, ಒಳ್ಳೆಯ ಸಾಫ್ಟ್‌ವೇರ್ ಮೊತ್ತ, ತಾರೀಖು ನೋಡಿ ‘ಇರಬಹುದು’ ಎಂದು ಜೋಡಿಸುತ್ತದೆ. ದುಡ್ಡು ಕೊಡುವುದೇ ಇದಕ್ಕೆ. ಆದರೆ ಇದೇ ಗುಣ ಗೋದಾಮಿನ ಬಾಡಿಗೆ ಬಿಲ್ಲಿನಲ್ಲಿ ಕೈಕೊಡಬಹುದು. ಬಾಡಿಗೆ ಪ್ರತಿ ತಿಂಗಳೂ ಒಂದೇ ಮೊತ್ತ, ಮಾಲೀಕರೂ ಒಬ್ಬರೇ. ಅವರು ಏಪ್ರಿಲ್ ಬಿಲ್ಲನ್ನು ತಡವಾಗಿ ಏರಿಸಿ ಮೇ ಬಿಲ್ಲನ್ನು ಏರಿಸದೇ ಇದ್ದರೆ, ಸಾಫ್ಟ್‌ವೇರ್ ಏಪ್ರಿಲ್ ಬಿಲ್ಲನ್ನು ಮೇ ಬಿಲ್ಲಿಗೆ ಜೋಡಿಸಿ ಹಸಿರು ಬಣ್ಣ ಹಾಕಿ ಕೂರಬಹುದು. ಪ್ರಯೋಗದ ತಿಂಗಳು ಇಂಥ ಒಂದೆರಡು ಬಿಲ್ಲುಗಳನ್ನು ಬೇಕೆಂದೇ ನೋಡಬೇಕು. ಪರಿಶೀಲನೆಗೆ ನಾವಿಟ್ಟ 10 ನಿಮಿಷ ಸಾಲುತ್ತದೆಯೋ 15 ಬೇಕೋ ಎನ್ನುವುದು ಇಲ್ಲಿ ತಿಳಿಯುತ್ತದೆ. ಚಿಕ್ಕ ಪ್ಲಾನ್‌ನಲ್ಲಿ ನಮಗಿರುವ ಅಂತರ ಮೂರೇ ನಿಮಿಷವಾದ್ದರಿಂದ ಈ ಐದು ನಿಮಿಷ ಇಡೀ ತೀರ್ಮಾನವನ್ನು ತಿರುಗಿಸಬಲ್ಲದು.

ಇಷ್ಟು ಮಾಡಿದ ಮೇಲೆ ಟಿಪ್ಪಣಿ ಒಂದು ಪುಟ ದಾಟುವುದಿಲ್ಲ. ಅದರ ತಿರುಳು ಹೀಗಿರುತ್ತದೆ:

“ತಾಳೆ ಕೆಲಸಕ್ಕೆ ಈಗ ತಿಂಗಳಿಗೆ 75 ಗಂಟೆ ಬೇಕಾಗುತ್ತಿದೆ, ಅಳತೆಯ ಹಾಳೆ ಲಗತ್ತಿಸಿದೆ. ಟ್ಯಾಲಿಯಲ್ಲಿರುವ 35 ಪಾರ್ಟಿಗಳನ್ನು ಈ ತಿಂಗಳಿಂದಲೇ ಟ್ಯಾಲಿಯಲ್ಲಿ ತಾಳೆ ನೋಡುತ್ತೇವೆ, ಇದಕ್ಕೆ ಖರ್ಚಿಲ್ಲ. ಉಳಿದ 25ಕ್ಕೆ 18,000 ರೂಪಾಯಿಯ ಪ್ಲಾನ್ ಕೋರುತ್ತೇವೆ. ಪಾರ್ಟಿಗೆ 27 ನಿಮಿಷ ಉಳಿದರೆ ಚಂದಾ ಹುಟ್ಟುತ್ತದೆ, ಪ್ರಯೋಗದಲ್ಲಿ ಉಳಿದದ್ದು 30. ಕಲಿಕೆಯ ಖರ್ಚಿನಿಂದ ಮೊದಲ ವರ್ಷ ಗಂಟೆಯ ಲೆಕ್ಕದಲ್ಲಿ ಲಾಭವಿಲ್ಲ. ವಾಪಸ್ ಕಳಿಸಿದ ನಾಲ್ಕು ಪಾರ್ಟಿಗಳಲ್ಲಿ ಇಬ್ಬರು ಬಂದರೂ ವರ್ಷಕ್ಕೆ 24,000 ಬರುತ್ತದೆ.”

ಕೊನೆಗೆ ಒಂದು ಷರತ್ತು ಸೇರಿಸಬೇಕು. ಮೊದಲ ವರ್ಷದ ಬೆಲೆ ಹಲವೊಮ್ಮೆ ರಿಯಾಯಿತಿಯದು, ಆದ್ದರಿಂದ ಮೇಲಿನ ಲೆಕ್ಕವನ್ನೆಲ್ಲ ಎರಡನೇ ವರ್ಷದ ಬೆಲೆಯನ್ನು ಬರಹದಲ್ಲಿ ತರಿಸಿಕೊಂಡೇ ಮಾಡಬೇಕು. ಚಂದಾ ಮುಗಿಯುವುದಕ್ಕೆ ಎರಡು ತಿಂಗಳ ಮುಂಚೆ ಅದೇ ಹಾಳೆಯನ್ನು ಮತ್ತೆ ಹಿಡಿದು ಅದೇ ಆರು ಪಾರ್ಟಿಗಳ ಹೊತ್ತು ಅಳೆಯಬೇಕು. 27 ನಿಮಿಷ ಉಳಿಯದಿದ್ದರೆ ನವೀಕರಿಸುವುದಿಲ್ಲ ಎಂದು ಟಿಪ್ಪಣಿಯಲ್ಲೇ ಬರೆದು, ಆ ಅಳತೆ ಯಾರು ಮಾಡುತ್ತಾರೆ, ಯಾವ ತಿಂಗಳು ಎನ್ನುವುದನ್ನೂ ನಮೂದಿಸಬೇಕು. ತಾನಾಗಿ ನವೀಕರಣವಾಗುವಂತೆ ಆಫೀಸಿನ ಕಾರ್ಡನ್ನು ಕಟ್ಟಿಟ್ಟಿದ್ದರೆ ಅದನ್ನು ಖರೀದಿಯ ದಿನವೇ ಬಿಚ್ಚಿಬಿಡುವುದು ಒಳ್ಳೆಯದು.